ಅಜ್ಜಿ ನೋಡಿದ ಧಾರಾವಾಹಿ ಯಾವುದು?

"ಒಬ್ಬ ಹುಡುಗ, ಮಗಾ. ತಲೆಗೆ ಟೋಪಿ. ಅವನಪ್ಪ ಬಲೇ ಸಿಟ್ಟಿನವರು. ಗೆಳೆಯ ಊರು ಬಿಟ್ಟು ಹೋಗುವಾಗ ರೈಲ್ವೆ ಸ್ಟೇಷನ್ನಿಗೆ ಓಡಿ ಬರ್ತಾನೆ."

"ಹೆಸರೇನಜ್ಜಿ?"

"ಅದೇ ನೆನಪಿಲ್ಲ ನೋಡು. ಕನ್ನಡದ್ದೇ, ಗ್ಯಾರಂಟಿ."

ಅಜ್ಜಿಯ ಆ ಕೊನೆಯ ಮಾತನ್ನು ನಂಬಿ ಮೊಮ್ಮಗಳು ಹಳೆಯ ಕನ್ನಡ ಧಾರಾವಾಹಿಗಳ ಪಟ್ಟಿಯನ್ನೆಲ್ಲ ಜಾಲಾಡಿದಳು. ಸಿಗಲಿಲ್ಲ. ಅಜ್ಜಿಯೂ ಕಥೆಯನ್ನು ಒಮ್ಮೆ ಹೇಳಿದಂತೆ ಇನ್ನೊಮ್ಮೆ ಹೇಳುತ್ತಿರಲಿಲ್ಲ. ಹುಡುಗ ಕಾಡಿನಲ್ಲಿ ದಾರಿ ತಪ್ಪಿದ್ದು ಒಂದು ಸಲ ಕಥೆಯ ಮೊದಲಿಗೆ ಬಂದರೆ ಇನ್ನೊಂದು ಸಲ ಕೊನೆಗೆ ಬರುತ್ತಿತ್ತು.

ಮರೆತ ಧಾರಾವಾಹಿಯನ್ನು ಹುಡುಕುವವರು ಎಡವುವುದು ಇಲ್ಲೇ. ವಾರಕ್ಕೊಂದು ಕಂತು ನೋಡಿದ ಕಥೆ ವರ್ಷಗಳು ಕಳೆದಂತೆ ಬೇರೆ ಕಥೆಗಳೊಂದಿಗೆ ಕಲಸಿಹೋಗುತ್ತದೆ. ಆದರೆ ಪ್ರತಿ ಕಂತಿನ ಆರಂಭಕ್ಕೂ ಬರುತ್ತಿದ್ದ ಸಂಗೀತ ಮತ್ತು ಚಿತ್ರ ಅಷ್ಟು ಸುಲಭವಾಗಿ ಅಳಿಸುವುದಿಲ್ಲ. ಹಾಗಾಗಿ ಕಥೆಯನ್ನು ಬದಿಗಿಟ್ಟು ಮೊದಲು ಅದನ್ನೇ ಕೇಳಬೇಕು.

"ಶುರುವಿಗೆ ಏನು ಬರ್ತಿತ್ತು ಅಜ್ಜಿ?"

ಅಜ್ಜಿ ತಡವರಿಸಲಿಲ್ಲ. "ತಾನಾ ನನನಾ..." ಎಂದು ಗುನುಗಿದರು. "ಗೆರೆಯಲ್ಲಿ ಬರೆದ ಚಿತ್ರಗಳು ಬರ್ತಿದ್ವು. ಅಪ್ಪನ ಪಾತ್ರ ನಮ್ಮ ಗಿರೀಶ್ ಕಾರ್ನಾಡರದ್ದು."

ಇಷ್ಟು ಸಾಕಾಯಿತು. ಅದು ಆರ್.ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'. ಗೆರೆಚಿತ್ರಗಳು ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣರವು, ಸಂಗೀತ ಎಲ್. ವೈದ್ಯನಾಥನ್ ಅವರದು. ಟೋಪಿಯ ಹುಡುಗ ಸ್ವಾಮಿಯಾಗಿ ನಟಿಸಿದ್ದು ಮಾಸ್ಟರ್ ಮಂಜುನಾಥ್.

1980ರ ದಶಕದಲ್ಲಿ ದೂರದರ್ಶನದಲ್ಲಿ ಅಜ್ಜಿ ನೋಡಿದ್ದು ಹಿಂದಿ ಧಾರಾವಾಹಿ. ಅವರ ನೆನಪಿನಲ್ಲಿ ಅದು ಕನ್ನಡವಾಗಿದ್ದರಲ್ಲಿ ಅಚ್ಚರಿಯಿಲ್ಲ. ಅಪ್ಪ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಬೇರೆ ಕಥೆಗಳಲ್ಲಿ ಅನಂತ್ ನಾಗ್, ವಿಷ್ಣುವರ್ಧನ್. ಸ್ವಾಮಿಯ ಮನೆಯೋ ಆಗುಂಬೆಯ ದೊಡ್ಡಮನೆ. ಮುಖಗಳು ಪರಿಚಿತ, ಜಗಲಿ, ಹೆಂಚಿನ ಮಾಡು, ಮಳೆ ಎಲ್ಲವೂ ಪರಿಚಿತ. ಹೀಗಿರುವಾಗ ಮಲೆನಾಡಿನ ಅಜ್ಜಿಯ ನೆನಪಿನಲ್ಲಿ ಆ ಹುಡುಗ ಇನ್ನು ಯಾವ ಭಾಷೆಯಲ್ಲಿ ಮಾತಾಡಿಯಾನು? ಅರ್ಥವಾದದ್ದನ್ನೆಲ್ಲ ನಾವು ನಮ್ಮ ಭಾಷೆಯಲ್ಲೇ ನೆನಪಿಟ್ಟುಕೊಳ್ಳುತ್ತೇವೆ ಎಂಬುದು ನನ್ನ ನಂಬಿಕೆ. ಹಾಗಾಗಿ ಹಿರಿಯರು ಭಾಷೆಯ ಬಗ್ಗೆ ಎಷ್ಟೇ ಖಚಿತವಾಗಿ ಹೇಳಿದರೂ ಹುಡುಕಾಟವನ್ನು ಆ ಭಾಷೆಗಷ್ಟೇ ಕಟ್ಟಿಹಾಕಬೇಡಿ. ನಟರ ಮುಖ ಮತ್ತು ಜಾಗ ಇವೆರಡನ್ನು ಹೆಚ್ಚು ನಂಬಬಹುದು.

ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ ಒಂದು ಕಂತನ್ನು ಹಾಕಿ ತೋರಿಸಬೇಕು. "ಹೂಂ, ಇದೇ ಇರಬೇಕು" ಎಂದರೆ ಅನುಮಾನ ಉಳಿದಿದೆ ಎಂದರ್ಥ. ಮುಂದಿನ ದೃಶ್ಯವನ್ನು ಅವರೇ ಮೊದಲು ಹೇಳಿಬಿಟ್ಟರೆ ಸಂಶಯವಿಲ್ಲ.

ಅಜ್ಜಿ ಹೇಳಿದ ಆ ರೈಲ್ವೆ ಸ್ಟೇಷನ್ನನ್ನೂ ತೋರಿಸಬಹುದು. ಆಗುಂಬೆಗೆ ರೈಲು ಇಲ್ಲ. ಮಾಲ್ಗುಡಿಯ ನಿಲ್ದಾಣವಾದದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಅಲ್ಲಿನ ಹಳೆಯ ನಿಲ್ದಾಣದ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ.