ಅಟ್ಟದ ಮೋಡೆಮ್‌ಗೆ ಮಹಡಿಯಲ್ಲಿ ಕೆಲಸ

2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಎಂಬ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಕೊಡಲು ಶುರುಮಾಡಿದ ಮೇಲೆ ನಮ್ಮ ಊರುಗಳಿಗೆ ಇಂಟರ್ನೆಟ್ ಬಂದದ್ದು ಟೆಲಿಫೋನ್ ತಂತಿಯಲ್ಲಿ. ಮುಂದೆ ಫೈಬರ್ ಬಂತು, ತಂತಿ ಹೋಯಿತು, ಹಳೆಯ ಮೋಡೆಮ್ ಅಟ್ಟ ಸೇರಿತು. ಅದರ ಹಿಂಬದಿಯಲ್ಲಿ ಟೆಲಿಫೋನ್ ತಂತಿ ಸಿಕ್ಕಿಸುವ ಒಂದು ಸಣ್ಣ ಕಿಂಡಿ, ಅದರ ಪಕ್ಕ ಸ್ವಲ್ಪ ದೊಡ್ಡದಾದ ನಾಲ್ಕು ಕಿಂಡಿಗಳು ಇರುತ್ತವೆ. ಸಣ್ಣ ಕಿಂಡಿಗೆ ಇನ್ನು ಕೆಲಸವಿಲ್ಲ. ದೊಡ್ಡ ಕಿಂಡಿಗಳೂ ಒಳಗಿನ ವೈಫೈ ರೇಡಿಯೋವೂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಕೆಳಗಿನ ಫೈಬರ್ ಮೋಡೆಮ್‌ನ ಸಿಗ್ನಲ್ ಕಾಂಕ್ರೀಟ್ ತಾರಸಿ ದಾಟಿ ಮಹಡಿಯ ಕೋಣೆಗೆ ಹೋಗುವಷ್ಟರಲ್ಲಿ ಸೊರಗುವ ಮನೆಗಳಲ್ಲಿ ಈ ಹಳೆಯ ಪೆಟ್ಟಿಗೆಯನ್ನೇ ಆಕ್ಸೆಸ್ ಪಾಯಿಂಟ್ ಆಗಿ ಬಳಸಬಹುದು. ಕೆಳಗಿನಿಂದ ಕೇಬಲ್‌ನಲ್ಲಿ ಬಂದ ಇಂಟರ್ನೆಟ್ಟನ್ನು ಮಹಡಿಯಲ್ಲಿ ವೈಫೈ ಆಗಿ ಹರಡುವುದಷ್ಟೇ ಅದರ ಕೆಲಸ.

ರೌಟರ್ ಎಂದು ನಾವು ಕರೆಯುವ ಪೆಟ್ಟಿಗೆಯೊಳಗೆ ಮೂರು ಸಾಧನಗಳಿವೆ. ಒಂದು, ಹೊರಗಿನ ಇಂಟರ್ನೆಟ್ಟನ್ನೂ ಮನೆಯ ಜಾಲವನ್ನೂ ಬೇರ್ಪಡಿಸಿ ಎರಡರ ನಡುವೆ ಸಂಚಾರ ನಡೆಸುವ ನಿಜವಾದ ರೌಟರ್. ಇನ್ನೊಂದು, ಲ್ಯಾನ್ ಎಂದು ಬರೆದ ನಾಲ್ಕು ಕಿಂಡಿಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್. ಮೂರನೆಯದು ವೈಫೈ ರೇಡಿಯೋ. ಸ್ವಿಚ್ ಮತ್ತು ರೇಡಿಯೋ ಒಳಗೇ ಕೂಡಿಕೊಂಡಿರುತ್ತವೆ. ಆದ್ದರಿಂದ ಲ್ಯಾನ್ ಕಿಂಡಿಗೆ ಬಂದದ್ದು ರೌಟರ್ ಭಾಗವನ್ನು ಮುಟ್ಟದೆ ನೇರವಾಗಿ ವೈಫೈಗೆ ಹೋಗುತ್ತದೆ. ಫೈಬರ್ ಮೋಡೆಮ್‌ನ ಒಂದು ಲ್ಯಾನ್ ಕಿಂಡಿಯಿಂದ ಹಳೆಯ ಪೆಟ್ಟಿಗೆಯ ಒಂದು ಲ್ಯಾನ್ ಕಿಂಡಿಗೆ ಕೇಬಲ್ ಎಳೆದರೆ ಮಹಡಿಯ ಫೋನುಗಳೂ ಕೆಳಗಿನ ಫೋನುಗಳೂ ಒಂದೇ ಜಾಲದಲ್ಲಿರುತ್ತವೆ.

ಹಾಗೆಂದು ಕೂಡಲೇ ಕೇಬಲ್ ಸಿಕ್ಕಿಸಬೇಡಿ. ಈ ಕೆಲಸದಲ್ಲಿ ಹೆಚ್ಚಿನ ತೊಂದರೆ ಬರುವುದು ಹೊಂದಾಣಿಕೆ ಬದಲಿಸುವ ಮೊದಲೇ ಕೇಬಲ್ ಜೋಡಿಸಿದಾಗ.

ಕಾರಣ ಹೀಗಿದೆ. ಜಾಲಕ್ಕೆ ಸೇರುವ ಪ್ರತಿ ಫೋನೂ ತನಗೊಂದು ಐಪಿ ವಿಳಾಸ ಬೇಕೆಂದು ಕೇಳುತ್ತದೆ. ರೌಟರ್‌ನಲ್ಲಿರುವ ಡಿಎಚ್‌ಸಿಪಿ ಎಂಬ ವ್ಯವಸ್ಥೆ ವಿಳಾಸವನ್ನು ಕೊಟ್ಟು, ಇಂಟರ್ನೆಟ್‌ಗೆ ಹೋಗುವ ಬಾಗಿಲು ಯಾವುದೆಂದೂ ಹೇಳುತ್ತದೆ. ಈ ಬಾಗಿಲಿಗೆ ಗೇಟ್‌ವೇ ಎಂದು ಹೆಸರು. ಹಳೆಯ ಪೆಟ್ಟಿಗೆಯಲ್ಲೂ ಅದೇ ವ್ಯವಸ್ಥೆ ಇದೆ, ಮತ್ತು ಅದು ಲ್ಯಾನ್ ಬದಿಯಿಂದ ಬಂದ ಕೇಳಿಕೆಗೆಲ್ಲ ಉತ್ತರ ಕೊಡುತ್ತದೆ. ಒಂದೇ ಗ್ರಾಮಕ್ಕೆ ಇಬ್ಬರು ಶಾನುಭೋಗರು ಕುಳಿತು ಬೇರೆ ಬೇರೆ ಪುಸ್ತಕದಲ್ಲಿ ಪಹಣಿ ಬರೆದಂತೆ ಆಗುತ್ತದೆ. ಫೋನು ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನು ಒಪ್ಪಿಕೊಳ್ಳುತ್ತದೆ. ಫೈಬರ್ ಮೋಡೆಮ್ ಉತ್ತರಿಸಿದರೆ ಎಲ್ಲವೂ ಸರಿ. ಹಳೆಯದು ಮೊದಲು ಉತ್ತರಿಸಿದರೆ ‘ಇಂಟರ್ನೆಟ್‌ಗೆ ನಾನೇ ಬಾಗಿಲು’ ಎಂದು ಅದು ತನ್ನ ವಿಳಾಸವನ್ನೇ ಕೊಡುತ್ತದೆ. ಅದರ ಹಿಂದೆ ಇಂಟರ್ನೆಟ್ ಇಲ್ಲ. ವೈಫೈ ಚಿಹ್ನೆ ತುಂಬಿ ಕಾಣುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ.

ಈ ದೋಷವನ್ನು ಹಿಡಿಯುವುದು ಕಷ್ಟ, ಏಕೆಂದರೆ ಅದು ಎಲ್ಲರಿಗೂ ಒಟ್ಟಿಗೆ ತಗಲುವುದಿಲ್ಲ. ಮೊದಲೇ ಸರಿಯಾದ ವಿಳಾಸ ಪಡೆದ ಟಿವಿ ಸರಿಯಾಗಿ ನಡೆಯುತ್ತದೆ, ಹೊಸದಾಗಿ ಬಂದ ನೆಂಟರ ಫೋನು ನಡೆಯುವುದಿಲ್ಲ. ಇಂದು ಸರಿಯಿದ್ದ ಲ್ಯಾಪ್‌ಟಾಪ್ ವಿಳಾಸದ ಅವಧಿ ಮುಗಿದು ಮತ್ತೆ ಕೇಳಿದಾಗ ಕೈಕೊಡುತ್ತದೆ. ಮನೆಯವರು ಇಂಟರ್ನೆಟ್ ಕಂಪನಿಗೆ ಫೋನ್ ಮಾಡುತ್ತಾರೆ, ಅವರು ಪರೀಕ್ಷಿಸಿದಾಗ ಲೈನ್ ಸರಿಯಾಗಿಯೇ ಇರುತ್ತದೆ.

ಇನ್ನು ಕೆಲಸದ ಕ್ರಮ. ಫೈಬರ್ ಮೋಡೆಮ್‌ನ ವಿಳಾಸ 192.168.1.1 ಎಂದಿಟ್ಟುಕೊಳ್ಳೋಣ. ಟೆಲಿಫೋನ್ ಕಾಲದ ಮೋಡೆಮ್‌ಗಳ ವಿಳಾಸವೂ ಬಹುಮಟ್ಟಿಗೆ ಇದೇ. ಒಂದೇ ವಿಳಾಸದ ಎರಡು ಪೆಟ್ಟಿಗೆಗಳನ್ನು ಜೋಡಿಸಿದ ಸ್ವಲ್ಪ ಹೊತ್ತಿನಲ್ಲೇ ಇಡೀ ಮನೆಯ ಇಂಟರ್ನೆಟ್ ತಡವರಿಸುತ್ತದೆ ಅಥವಾ ನಿಂತೇ ಹೋಗುತ್ತದೆ. ಕೇಬಲ್ ಕಿತ್ತರೆ ಮತ್ತೆ ಸರಿಹೋಗುತ್ತದೆ. ಹಾಗಾಗಿ ಹಳೆಯದಕ್ಕೆ 192.168.1.2 ಎಂಬ ವಿಳಾಸ ಕೊಡೋಣ.

ಮೊದಲು ಫೈಬರ್ ಮೋಡೆಮ್‌ನ ಪುಟದಲ್ಲಿ ಡಿಎಚ್‌ಸಿಪಿ ಹಂಚುವ ವಿಳಾಸಗಳ ಸಾಲನ್ನು ನೋಡಿ. ಅದು 192.168.1.2ರಿಂದಲೇ ಶುರುವಾಗುತ್ತಿದ್ದರೆ 192.168.1.20ರಿಂದ ಶುರುವಾಗುವಂತೆ ಬದಲಿಸಿ. ಇಲ್ಲವಾದರೆ ಮುಂದೊಂದು ದಿನ ಅದೇ ವಿಳಾಸ ಯಾರದೋ ಫೋನಿಗೂ ಹೋದೀತು. ಕೆಲವು ಕಂಪನಿಗಳು ಈ ಪುಟಕ್ಕೆ ಬೀಗ ಹಾಕಿರುತ್ತವೆ. ಆಗ ಹಳೆಯ ಪೆಟ್ಟಿಗೆಗೆ 192.168.1.250ರಂಥ ದೂರದ ವಿಳಾಸ ಕೊಡುವುದು ಇದ್ದುದರಲ್ಲಿ ಕ್ಷೇಮ.

ಈಗ ಹಳೆಯದನ್ನು ಕೈಗೆತ್ತಿಕೊಳ್ಳಿ. ಅದರ ಅಡಾಪ್ಟರ್ ಕಳೆದುಹೋಗಿದ್ದರೆ ಬುಡದ ಚೀಟಿಯಲ್ಲಿರುವ ವೋಲ್ಟ್ ಮತ್ತು ಆಂಪಿಯರ್ ಓದಿಕೊಂಡೇ ಬೇರೆಯದನ್ನು ತನ್ನಿ. 9 ವೋಲ್ಟ್ ಪೆಟ್ಟಿಗೆಗೆ 12 ವೋಲ್ಟ್ ಅಡಾಪ್ಟರಿನ ಪಿನ್ನೂ ಕೂತುಬಿಡಬಹುದು, ಪೆಟ್ಟಿಗೆ ಸುಟ್ಟುಹೋಗಬಹುದು. ಕರೆಂಟ್ ಕೊಟ್ಟು, ರೀಸೆಟ್ ಎಂಬ ಸಣ್ಣ ರಂಧ್ರದೊಳಗಿನ ಗುಂಡಿಯನ್ನು ಸುಮಾರು 10 ಸೆಕೆಂಡ್ ಒತ್ತಿಹಿಡಿಯಿರಿ. ಹಳೆಯ ಪಾಸ್‌ವರ್ಡುಗಳೆಲ್ಲ ಅಳಿಸಿ, ಚೀಟಿಯಲ್ಲಿರುವ ಹೆಸರು ಮತ್ತು ಪಾಸ್‌ವರ್ಡ್ ಮತ್ತೆ ಜಾರಿಗೆ ಬರುತ್ತವೆ. ಲ್ಯಾಪ್‌ಟಾಪನ್ನು ಅದರ ಲ್ಯಾನ್ ಕಿಂಡಿಗೆ ಮಾತ್ರ ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಎರಡೂ ಪೆಟ್ಟಿಗೆಗಳ ವಿಳಾಸ ಒಂದೇ ಆಗಿರುವುದರಿಂದ ವೈಫೈ ತೆರೆದಿದ್ದರೆ ನೀವು ಫೈಬರ್ ಮೋಡೆಮ್‌ನ ಪುಟವನ್ನೇ ತೆರೆದುಕೊಂಡು ಅದರ ಡಿಎಚ್‌ಸಿಪಿಯನ್ನೇ ನಿಲ್ಲಿಸಿಬಿಡುವ ಸಾಧ್ಯತೆ ಇದೆ. ಲ್ಯಾಪ್‌ಟಾಪ್ ಇಲ್ಲದೆ ಫೋನಿನಲ್ಲೇ ಈ ಕೆಲಸ ಮಾಡುವವರು ಮೊಬೈಲ್ ಡೇಟಾ ಮುಚ್ಚಬೇಕು. ಇಂಟರ್ನೆಟ್ ಇಲ್ಲದ ವೈಫೈಯನ್ನು ಬಿಟ್ಟು ಫೋನು ತಾನಾಗಿ ಡೇಟಾಗೆ ಹಾರಿದರೆ ಪುಟ ತೆರೆಯುವುದಿಲ್ಲ.

ಬ್ರೌಸರಿನಲ್ಲಿ 192.168.1.1 ಎಂದು ಬರೆದು ಒಳಹೋಗಿ, ಮೊದಲು ವೈಫೈ ಹೊಂದಿಸಿ. ರಕ್ಷಣೆಗೆ WPA2 ಮತ್ತು AES ಆರಿಸಿ. TKIP ಆರಿಸಿದರೆ ರಕ್ಷಣೆಯೂ ದುರ್ಬಲ, ಎನ್ ಮಾದರಿಯ ವೈಫೈ ಕೂಡ 54 ಎಂಬಿಪಿಎಸ್‌ನ ಹಳೆಯ ವೇಗಕ್ಕೆ ಇಳಿಯುತ್ತದೆ. ಚಾನೆಲ್ ಅನ್ನು 1, 6, 11ರಲ್ಲಿ ಫೈಬರ್ ಮೋಡೆಮ್ ಬಳಸದಿರುವ ಒಂದಕ್ಕೆ ಇಡಿ. ಒಂದರ ಮೇಲೊಂದು ಬೀಳದಂತೆ ಇರುವ ಚಾನೆಲ್‌ಗಳು ಈ ಮೂರೇ. ಒಳಹೋಗುವ ಪಾಸ್‌ವರ್ಡನ್ನೂ ಬದಲಿಸಿ, ಏಕೆಂದರೆ ಚೀಟಿಯಲ್ಲಿರುವುದು ಎಲ್ಲರಿಗೂ ಗೊತ್ತಿರುವಂಥದ್ದು. ನಂತರ ಲ್ಯಾನ್ ವಿಭಾಗದಲ್ಲಿ ವಿಳಾಸವನ್ನು 192.168.1.2 ಮಾಡಿ ಉಳಿಸಿ. ಪುಟ ಅಲ್ಲೇ ನಿಂತಂತೆ ಕಾಣುತ್ತದೆ. ಪೆಟ್ಟಿಗೆ ಹೊಸ ವಿಳಾಸಕ್ಕೆ ಹೋಗಿದೆ, ಬ್ರೌಸರ್ ಇನ್ನೂ ಹಳೆಯದನ್ನೇ ಹುಡುಕುತ್ತಿದೆ, ಅಷ್ಟೇ. ಹೊಸ ವಿಳಾಸ ಬರೆದು ಮತ್ತೆ ಒಳಹೋಗಿ, ಕಟ್ಟಕಡೆಗೆ ಡಿಎಚ್‌ಸಿಪಿಯನ್ನು Disable ಮಾಡಿ. ಇದನ್ನು ಕೊನೆಗೇ ಮಾಡಬೇಕು. ಅದು ನಿಂತ ಮೇಲೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರು ಯಾರೂ ಇರುವುದಿಲ್ಲ, ಉಳಿದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಈಗ ಕೇಬಲ್ ಸಿಕ್ಕಿಸಬಹುದು. ಲ್ಯಾಪ್‌ಟಾಪನ್ನು ಮಹಡಿಯ ವೈಫೈಗೆ ಸೇರಿಸಿ, ವಿಂಡೋಸ್‌ನ ಕಪ್ಪು ಪರದೆಯಲ್ಲಿ ಹೀಗೆ ಬರೆಯಿರಿ:

```
ipconfig /all
ping 192.168.1.2
```

ಮೊದಲ ಆದೇಶದ ಉತ್ತರದಲ್ಲಿ Default Gateway ಮತ್ತು DHCP Server ಎರಡರ ಮುಂದೆಯೂ 192.168.1.1 ಎಂದಿರಬೇಕು. ಎರಡನೆಯದಕ್ಕೆ ಹಳೆಯ ಪೆಟ್ಟಿಗೆ ಉತ್ತರ ಕೊಡಬೇಕು. DHCP Server ಮುಂದೆ 192.168.1.2 ಬಂದರೆ ಹಳೆಯದರ ಡಿಎಚ್‌ಸಿಪಿ ಇನ್ನೂ ನಿಂತಿಲ್ಲ. ಲ್ಯಾಪ್‌ಟಾಪಿಗೆ 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ ಯಾರಿಂದಲೂ ಉತ್ತರ ಬಂದಿಲ್ಲವೆಂದು ಅರ್ಥ. ಆಗ ಕೇಬಲ್ಲನ್ನೂ ಕಿಂಡಿಯ ಪಕ್ಕದ ದೀಪವನ್ನೂ ನೋಡಿ. ಫೋನಿನಲ್ಲಿ ವೈಫೈ ಹೆಸರಿನ ವಿವರಗಳನ್ನು ತೆರೆದರೂ ಗೇಟ್‌ವೇ ಕಾಣುತ್ತದೆ.

ಪರೀಕ್ಷೆ ಮುಗಿಯುವವರೆಗೆ ಮಹಡಿಯ ವೈಫೈಗೆ ಬೇರೆ ಹೆಸರೇ ಇರಲಿ. ಯಾವ ಪೆಟ್ಟಿಗೆಗೆ ಸೇರಿದ್ದೀರೆಂದು ಆಗ ಸ್ಪಷ್ಟವಾಗಿ ತಿಳಿಯುತ್ತದೆ. ಆಮೇಲೆ ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ರಕ್ಷಣೆ ಇಟ್ಟರೆ ಫೋನು ತಾನೇ ಆರಿಸಿಕೊಳ್ಳುತ್ತದೆ. ಆದರೆ ಆರಿಸುವುದು ಫೋನು, ರೌಟರ್ ಅಲ್ಲ. ಕೆಲವು ಫೋನುಗಳು ಮೆಟ್ಟಿಲು ಹತ್ತಿದ ಮೇಲೂ ಕೆಳಗಿನ ಕ್ಷೀಣ ಸಿಗ್ನಲ್ಲನ್ನೇ ಹಿಡಿದುಕೊಂಡಿರುತ್ತವೆ. ಅಂಥ ಫೋನುಗಳಿರುವ ಮನೆಯಲ್ಲಿ ಎರಡು ಹೆಸರು ಇಡುವುದೇ ಮೇಲೆಂದು ನನ್ನ ಅಭಿಪ್ರಾಯ.

ಅಟ್ಟದಲ್ಲಿ ಸಿಕ್ಕಿದ್ದು ಟೆಲಿಫೋನ್ ಕಿಂಡಿಯದ್ದಲ್ಲ, ವ್ಯಾನ್ ಎಂಬ ಬೇರೆ ಬಣ್ಣದ ಕಿಂಡಿಯುಳ್ಳ ರೌಟರ್ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಕೇಬಲ್ ವ್ಯಾನ್‌ಗೆ ಸೇರಿದರೆ ಇಂಟರ್ನೆಟ್ ಬರಲೂಬಹುದು, ಆದರೆ ಮಹಡಿ ಬೇರೆಯದೇ ಜಾಲವಾಗುತ್ತದೆ. ಮೇಲಿನ ಫೋನಿನಿಂದ ಕೆಳಗಿನ ಟಿವಿಗೆ ವಿಡಿಯೋ ಕಳಿಸಲು ಆಗುವುದಿಲ್ಲ, ಕೆಳಗಿನ ಪ್ರಿಂಟರ್ ಕಾಣುವುದಿಲ್ಲ. ಅದರ ಪುಟದಲ್ಲಿ Access Point Mode ಎಂಬ ಆಯ್ಕೆ ಇದ್ದರೆ ಅದನ್ನೇ ಬಳಸಿ. ಡಿಎಚ್‌ಸಿಪಿ ನಿಲ್ಲಿಸುವ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ, ಹೆಚ್ಚಿನ ಮಾದರಿಗಳಲ್ಲಿ ವ್ಯಾನ್ ಕಿಂಡಿಯೂ ಲ್ಯಾನ್‌ನಂತೆ ನಡೆಯುತ್ತದೆ. ಯಾವ ಪೆಟ್ಟಿಗೆಯಾದರೂ ಎರಡರ ನಡುವೆ ಒಂದೇ ಕೇಬಲ್ ಇರಲಿ. ವೇಗ ಹೆಚ್ಚೀತೆಂದು ಎರಡನೆಯದನ್ನೂ ಸಿಕ್ಕಿಸಿದರೆ ಸಂದೇಶಗಳು ಎರಡರ ನಡುವೆ ಸುತ್ತುತ್ತಲೇ ಉಳಿದು, ದೀಪಗಳೆಲ್ಲ ಹುಚ್ಚೆದ್ದು ಮಿನುಗಿ, ಜಾಲವೇ ನಿಂತುಹೋಗುತ್ತದೆ.

ವೇಗದ ಮಿತಿಯನ್ನು ಮೊದಲೇ ತಿಳಿದಿರಬೇಕು. ಪೆಟ್ಟಿಗೆಯ ಮೇಲೆ 300 ಎಂಬಿಪಿಎಸ್ ಎಂದು ಬರೆದಿದ್ದರೂ ಆ ಕಾಲದ ಲ್ಯಾನ್ ಕಿಂಡಿಗಳು ಸಾಮಾನ್ಯವಾಗಿ 100 ಎಂಬಿಪಿಎಸ್‌ನವು. ಹಾಗಾಗಿ ಮನೆಗೆ ಎಷ್ಟೇ ದೊಡ್ಡ ಪ್ಲಾನ್ ಇರಲಿ, ಮಹಡಿಯಲ್ಲಿ 90ರ ಆಸುಪಾಸಿಗಿಂತ ಹೆಚ್ಚು ಬರುವುದಿಲ್ಲ. ಪಾಠ, ವಿಡಿಯೋ ಕರೆ, ಸಿನಿಮಾಗಳಿಗೆ ಅದು ಧಾರಾಳ. 54 ಎಂಬಿಪಿಎಸ್ ಎಂದಷ್ಟೇ ಬರೆದಿರುವ ಅತಿ ಹಳೆಯ ಪೆಟ್ಟಿಗೆಯಾದರೆ ಇಷ್ಟೆಲ್ಲ ಶ್ರಮ ಬೇಡ, ಅದನ್ನು ಇ-ತ್ಯಾಜ್ಯಕ್ಕೆ ಕೊಡಿ.

ಕೇಬಲ್ ಕೊಳ್ಳುವಾಗ ಕ್ಯಾಟ್ 5ಇ ಅಥವಾ ಕ್ಯಾಟ್ 6, ಅದರಲ್ಲೂ ಪೂರ್ತಿ ತಾಮ್ರದ್ದು ಎಂದು ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬಾಗಿದಲ್ಲಿ ಸುಲಭವಾಗಿ ತುಂಡಾಗುತ್ತದೆ. 100 ಮೀಟರ್ ವರೆಗೆ ಎಳೆಯಲು ಅಡ್ಡಿಯಿಲ್ಲ. ಹೊರಗೋಡೆಯ ಮೇಲಿಂದ ಎಳೆಯುವುದನ್ನು ಮಾತ್ರ ಆದಷ್ಟು ತಪ್ಪಿಸಿ, ಮೆಟ್ಟಿಲ ಮೂಲೆಯಿಂದಲೋ ವೈರಿಂಗಿನಿಂದ ಬೇರೆಯಾದ ಪೈಪಿನೊಳಗಿಂದಲೋ ತನ್ನಿ. ಮಲೆನಾಡು ಮತ್ತು ಕರಾವಳಿಯಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ ಹೊರಗಿನ ತಾಮ್ರದ ಕೇಬಲ್ ಮಿಂಚಿನ ಹೊಡೆತವನ್ನು ಎರಡೂ ಪೆಟ್ಟಿಗೆಗಳಿಗೆ ತಲುಪಿಸಬಲ್ಲದು. ಹೊರಗಿನಿಂದಲೇ ಎಳೆಯಬೇಕಾಗಿ ಬಂದಿದ್ದರೆ ಮೋಡ ಕವಿಯುವಾಗಲೇ ಕೇಬಲ್ಲಿನ ಎರಡೂ ತುದಿಗಳನ್ನು ಕಳಚಿ, ಅಡಾಪ್ಟರುಗಳನ್ನೂ ಸ್ವಿಚ್‌ಬೋರ್ಡಿನಿಂದ ತೆಗೆದಿಡಿ.