ಚೀಟಿ ಹೊಸದು, ಸಿಲಿಂಡರ್ ಯಾವುದು?

ನಮ್ಮ ಅಪಾರ್ಟ್‌ಮೆಂಟಿನಲ್ಲಿ 40 ಮನೆ, 14 ಫೈರ್ ಸಿಲಿಂಡರ್. ಕಾರಿಡಾರು, ಪಾರ್ಕಿಂಗುಗಳಲ್ಲಿ 6 ಕಿಲೋದ ಎಬಿಸಿ ಪೌಡರ್ ಸಿಲಿಂಡರ್‌ಗಳು ಹನ್ನೆರಡು; ಕರೆಂಟಿನ ಪ್ಯಾನೆಲ್ ಕೋಣೆಯಲ್ಲೊಂದು, ಲಿಫ್ಟಿನ ಮೆಷಿನ್ ರೂಮಿನಲ್ಲೊಂದು ಕಾರ್ಬನ್ ಡೈಆಕ್ಸೈಡಿನದು. ಎಲ್ಲದರ ಮೇಲೂ ಹೊಸ ಚೀಟಿ, ಮುಂದಿನ ರೀಫಿಲ್‌ನ ತಾರೀಖು. ಸಮಿತಿಯಲ್ಲಿ ಈ ಕೆಲಸ ನನ್ನ ಪಾಲಿಗೆ ಬಂದಾಗ, ಚೀಟಿಗಳನ್ನು ನಕಲು ಮಾಡಿಕೊಂಡರೆ ಪಟ್ಟಿ ಮುಗಿಯಿತು ಎಂದುಕೊಂಡಿದ್ದೆ.

ಮುಗಿಯಲಿಲ್ಲ. ಹಳೇ ಪಟ್ಟಿಯಲ್ಲಿ ಇದ್ದದ್ದು ಜಾಗದ ಹೆಸರು ಮಾತ್ರ: ‘ಎರಡನೇ ಮಹಡಿ, ಲಿಫ್ಟ್ ಪಕ್ಕ’. ಅಲ್ಲಿ ನೇತಾಡುತ್ತಿದ್ದ ಸಿಲಿಂಡರಿನ ಮೈಮೇಲಿನ ತಯಾರಿ ವರ್ಷ ನಮ್ಮ ಕಟ್ಟಡಕ್ಕಿಂತ ಹಳೆಯದು! ಕಟ್ಟಡಕ್ಕೆಂದು ಹೊಸದಾಗಿ ಕೊಂಡದ್ದು ರೀಫಿಲ್‌ಗೆ ಹೋಗಿ, ವಾಪಸು ಬರುವಾಗ ಬೇರೆ ಯಾರದೋ ಆಗಿತ್ತು. ಜಾಗಕ್ಕೊಂದು ಸಿಲಿಂಡರ್ ಇದೆಯಲ್ಲ, ಎಣಿಕೆ ಸರಿ, ಯಾರಿಗೂ ಗೊತ್ತಾಗಿರಲಿಲ್ಲ. ಅಂದಿನಿಂದ ನಮ್ಮ ಪಟ್ಟಿಯ ಮೊದಲ ಕಾಲಂ ಸೀರಿಯಲ್ ನಂಬರಿನದು. ಜಾಗ ಎರಡನೆಯದು. ಒಯ್ಯುವಾಗಲೂ ತರುವಾಗಲೂ ನಂಬರು ನೋಡಿಯೇ ಸಹಿ.

ತಾರೀಖುಗಳಲ್ಲೂ ಇಂಥದೇ ಗೋಜಲು. ಚೀಟಿಯಲ್ಲಿರುವುದು ರೀಫಿಲ್‌ನ ತಾರೀಖು ಒಂದೇ. ತಯಾರಾದ ವರ್ಷ, ಪ್ರೆಶರ್ ಟೆಸ್ಟ್ ಆದ ದಿನ ಇವೆರಡೂ ಪಟ್ಟಿಯಲ್ಲಿ ಬೇಕು. ಪ್ರೆಶರ್ ಟೆಸ್ಟ್ ಎಂದರೆ ಸಿಲಿಂಡರನ್ನು ಖಾಲಿ ಮಾಡಿ, ನೀರು ತುಂಬಿ, ಒತ್ತಡ ಕೊಟ್ಟು ಮೈ ತಡೆಯುತ್ತದೆಯೇ ನೋಡುವುದು. ಪೌಡರಿನದಕ್ಕೆ 3 ವರ್ಷಕ್ಕೊಮ್ಮೆ, ಕಾರ್ಬನ್ ಡೈಆಕ್ಸೈಡಿನದಕ್ಕೆ 5 ವರ್ಷಕ್ಕೊಮ್ಮೆ ಇದು ಆಗಬೇಕು. ಟೆಸ್ಟ್ ಆದ ತಾರೀಖು E ಕಾಲಂನಲ್ಲಿದ್ದರೆ, ಪೌಡರ್ ಸಿಲಿಂಡರಿನ ಮುಂದಿನ ಟೆಸ್ಟನ್ನು ಕಂಪ್ಯೂಟರೇ ಲೆಕ್ಕ ಹಾಕುತ್ತದೆ:

```
=EDATE(E2,36)
```

ಕಾರ್ಬನ್ ಡೈಆಕ್ಸೈಡಿನ ಸಾಲುಗಳಲ್ಲಿ 36ರ ಬದಲು 60 ಬರೆದರಾಯಿತು.

ತಿಂಗಳ ತಪಾಸಣೆಗೆ ಪರಿಣತರು ಬೇಕಿಲ್ಲ. ಪೌಡರ್ ಸಿಲಿಂಡರಿನಲ್ಲಿ ಗೇಜಿನ ಮುಳ್ಳು ಹಸಿರಿನಲ್ಲಿದೆಯೇ, ಪಿನ್ನೂ ಸೀಲೂ ಹಾಗೇ ಇವೆಯೇ, ಪೈಪಿನ ಬಾಯಲ್ಲಿ ಜೇಡ ಗೂಡು ಕಟ್ಟಿದೆಯೇ, ತಳ ತುಕ್ಕು ಹಿಡಿದಿದೆಯೇ ನೋಡಬೇಕು. ಆದರೆ ಗೇಜು ಹೇಳುವುದು ಒಳಗಿನ ಒತ್ತಡವನ್ನು ಮಾತ್ರ, ಪೌಡರಿನ ಸ್ಥಿತಿಯನ್ನಲ್ಲ. ಪೌಡರು ತಳದಲ್ಲಿ ಗಟ್ಟಿಯಾಗಿ ಕೂತಿದ್ದರೆ ಮುಳ್ಳು ಹಸಿರಲ್ಲೇ ಇದ್ದರೂ ಒತ್ತಿದಾಗ ಬರುವುದು ಬರೀ ಗಾಳಿ. ಸಿಲಿಂಡರನ್ನು ಮೆಲ್ಲಗೆ ತಲೆಕೆಳಗು ಮಾಡಿದರೆ ಸಡಿಲ ಪೌಡರು ಜಾರುವುದು ಕೈಗೆ ತಿಳಿಯುತ್ತದೆ. ಸೀಲು ಕಿತ್ತಿದ್ದರೆ, ಮಕ್ಕಳು ‘ಒಂದೇ ಸಲ ಒತ್ತಿದ್ವಿ ಅಂಕಲ್’ ಅಂದರೂ, ಅದು ರೀಫಿಲ್‌ಗೇ ಹೋಗಬೇಕು. ಒಮ್ಮೆ ಒತ್ತಿದರೆ ವಾಲ್ವಿನ ಸಂದಿಯಲ್ಲಿ ಪೌಡರು ಕೂತು, ಒತ್ತಡ ಸದ್ದಿಲ್ಲದೆ ಸೋರಿಹೋಗುತ್ತದೆ.

ಕಾರ್ಬನ್ ಡೈಆಕ್ಸೈಡಿನದಕ್ಕೆ ಈ ಮುಳ್ಳೂ ಇಲ್ಲ. ತೂಗಿಯೇ ನೋಡಬೇಕು. ಖಾಲಿ ತೂಕವನ್ನು ಸಿಲಿಂಡರಿನ ಮೇಲೇ ಕೆತ್ತಿರುತ್ತಾರೆ. ಅದಕ್ಕೆ ಅನಿಲದ ತೂಕ ಸೇರಿಸಿದರೆ ಇರಬೇಕಾದ ಮೊತ್ತ ಸಿಗುತ್ತದೆ. ಅನಿಲ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ರೀಫಿಲ್ ಮಾಡಿಸಬೇಕು. ಮನೆಯ ತೂಕದ ಯಂತ್ರವನ್ನು ಇದಕ್ಕೆ ನಂಬಬೇಡಿ: ಅದರ ತಪ್ಪೇ ಅರ್ಧ ಕಿಲೋ ಇರಬಹುದು, ನಾವು ಹುಡುಕುವ ಕೊರತೆಯೂ ಅಷ್ಟೇ. ನಾನು ಗುಜರಿ ಅಂಗಡಿಯವರ ಹತ್ತಿರ ಕೊಕ್ಕೆಯ ಡಿಜಿಟಲ್ ತಕ್ಕಡಿ ಕೇಳಿ ತಂದೆ.

ಪ್ಯಾನೆಲ್ ಕೋಣೆಯ ಸಿಲಿಂಡರಿನ ಖಾಲಿ ತೂಕ 11.3 ಕಿಲೋ, ಅನಿಲ 4.5. ಒಟ್ಟು 15.8 ಇರಬೇಕಿತ್ತು. ತೂಗಿದರೆ 15.1. ಕೊರತೆ 700 ಗ್ರಾಂ, ಸಹಿಸಬಹುದಾದದ್ದು 450. ನಾಲ್ಕು ತಿಂಗಳ ಹಿಂದಷ್ಟೇ ರೀಫಿಲ್ ಆಗಿದೆ ಎನ್ನುತ್ತಿತ್ತು ಚೀಟಿ. ಗುತ್ತಿಗೆದಾರರಿಗೆ ಫೋನ್ ಮಾಡಿದರೆ, ‘ನಿಮ್ಮ ತಕ್ಕಡಿ ಸರಿಯಿಲ್ಲ ಸಾರ್’ ಎಂದರು. ಕೆತ್ತಿದ ಖಾಲಿ ತೂಕದಲ್ಲಿ ಪೈಪು ಸೇರಿರುವುದಿಲ್ಲ ಎಂದೂ ವಾದಿಸಿದರು. ಹಾಗಿದ್ದರೆ ಪೈಪಿನ ಸಮೇತ ತೂಗಿದ ನಮ್ಮ ಸಿಲಿಂಡರಿನಲ್ಲಿ ಅನಿಲ ಇನ್ನೂ ಕಡಿಮೆ ಅಂತಾಯಿತಲ್ಲ! ಮರುದಿನ ಬಂದು ಒಯ್ದರು. ಸೋರಿತ್ತೋ, ಮೊದಲೇ ಕಡಿಮೆ ತುಂಬಿದ್ದರೋ ತಿಳಿಯಲು ದಾರಿ ಇರಲಿಲ್ಲ. ಬಂದ ದಿನದ ತೂಕವನ್ನು ಯಾರೂ ಬರೆದಿಟ್ಟಿರಲಿಲ್ಲ. ಈಗ ಪಟ್ಟಿಯಲ್ಲಿ ಆ ಕಾಲಂ ಇದೆ. ಗುತ್ತಿಗೆದಾರರ ಹುಡುಗನ ಎದುರಿಗೇ ತೂಗುತ್ತೇವೆ.

ಇನ್ನೊಂದು ಮಾತು. ರೀಫಿಲ್‌ಗೆಂದು ಎಲ್ಲವನ್ನೂ ಒಂದೇ ದಿನ ಕಳಿಸಿ, ವಾರಗಟ್ಟಲೆ ಗೋಡೆಯ ಕೊಕ್ಕೆಗಳನ್ನು ಖಾಲಿ ಬಿಡುವ ಕಟ್ಟಡಗಳಿವೆ. ನಾವೂ ಬಿಟ್ಟಿದ್ದೆವು. ಈಗ ಮಹಡಿ ಬಿಟ್ಟು ಮಹಡಿಯದನ್ನು ಕಳಿಸುತ್ತೇವೆ, ಬದಲಿ ಸಿಲಿಂಡರ್ ಕೊಟ್ಟೇ ಒಯ್ಯಬೇಕೆಂದು ಕರಾರಿನಲ್ಲಿ ಬರೆಸಿದ್ದೇವೆ.

ನಿಮ್ಮ ಬಾಗಿಲಿಗೆ ಹತ್ತಿರದ ಸಿಲಿಂಡರಿನ ನಂಬರು ಬರೆದುಕೊಂಡು, ಕಳೆದ ರೀಫಿಲ್‌ನ ಬಿಲ್ಲನ್ನು ಕಾರ್ಯದರ್ಶಿಗಳ ಹತ್ತಿರ ಕೇಳಿ ನೋಡಿ. ಬಿಲ್ಲಿನಲ್ಲಿ ‘14 ನಗ’ ಎಂದಷ್ಟೇ ಇದ್ದರೆ, ಮುಂದಿನ ಸಲ ಹದಿನಾಲ್ಕೂ ನಂಬರು ಬರೆದು ಕೊಡುವವರೆಗೆ ಹಣ ಕೊಡಬೇಡಿ.