ಆ ಹನ್ನೆರಡು ವರ್ಷ ಹಾಸಿಗೆಯಲ್ಲಲ್ಲ

2019ರ ಲೆಕ್ಕದಂತೆ ಜಪಾನಿನ ಹೆಂಗಸರ ಸರಾಸರಿ ಆಯಸ್ಸು 87.45 ವರ್ಷ. ಅದರಲ್ಲಿ ಆರೋಗ್ಯವಾಗಿ ಬಾಳುವ ಆಯಸ್ಸು 75.38. ಗಂಡಸರಿಗೆ ಇದೇ ಲೆಕ್ಕ 81.41 ಮತ್ತು 72.68. ಈ ಅಂಕಿಗಳನ್ನು ನೋಡಿದವರು, ಜಪಾನಿನ ಅಜ್ಜಿಯರು ಕೊನೆಯ ಹನ್ನೆರಡು ವರ್ಷ ಹಾಸಿಗೆ ಹಿಡಿದಿರುತ್ತಾರೆ ಎಂದುಕೊಳ್ಳುವುದುಂಟು. ಅದು ಅಪಾರ್ಥ.

ಈ ಲೆಕ್ಕ ನಿಂತಿರುವುದು ಒಂದು ಪ್ರಶ್ನೆಯ ಮೇಲೆ. ಮೂರು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಸಮೀಕ್ಷೆಯಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಹೀಗೆ ಕೇಳುತ್ತದೆ: ಆರೋಗ್ಯದ ತೊಂದರೆಯಿಂದ ನಿಮ್ಮ ದಿನನಿತ್ಯದ ಬದುಕಿಗೆ ಏನಾದರೂ ಅಡ್ಡಿಯಾಗಿದೆಯೇ? ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಹೊರಗೆ ಓಡಾಡುವುದು, ಮನೆಗೆಲಸ, ಕಡೆಗೆ ವ್ಯಾಯಾಮ, ಯಾವುದಕ್ಕೆ ಅಡ್ಡಿಯಾದರೂ ಉತ್ತರ 'ಹೌದು'. ಮಂಡಿನೋವಿನಿಂದ ವಾಕಿಂಗ್ ಬಿಟ್ಟವರೂ ಇನ್ನೊಬ್ಬರ ಕೈಯಲ್ಲಿ ಊಟ ಮಾಡಿಸಿಕೊಳ್ಳುವವರೂ ಇಲ್ಲಿ ಒಂದೇ.

ಮುಂದಿನದು ಸಾದಾ ಗಣಿತ. ಒಂದು ಲಕ್ಷ ಮಕ್ಕಳು ಹುಟ್ಟಿದರು ಅನ್ನಿ. ಅವರಲ್ಲಿ ಬದುಕುಳಿದವರು 70ರಿಂದ 75ರ ನಡುವೆ ಒಟ್ಟು ನಾಲ್ಕು ಲಕ್ಷ ವರ್ಷ ಬಾಳುತ್ತಾರೆ ಅನ್ನಿ. ಆ ವಯಸ್ಸಿನ ಕಾಲುಭಾಗ ಜನ 'ಹೌದು' ಎಂದರೆ ಒಂದು ಲಕ್ಷ ವರ್ಷ ಕಳೆಯಬೇಕು; ಉಳಿದ ಮೂರು ಲಕ್ಷ ಆರೋಗ್ಯದ ವರ್ಷಗಳು. ಎಲ್ಲ ವಯೋಮಾನಕ್ಕೂ ಹೀಗೇ ಮಾಡಿ, ಕೂಡಿಸಿ, ಒಂದು ಲಕ್ಷದಿಂದ ಭಾಗಿಸಿದರೆ ಆಯಿತು. 1971ರಲ್ಲಿ ಅಮೆರಿಕದ ಸಲಿವನ್ ಕೊಟ್ಟ ವಿಧಾನ ಇದು. ಹಾಗಾಗಿ ಮೂವತ್ತರ ಹರೆಯದವರ ಬೆನ್ನುನೋವೂ ಆ ಹನ್ನೆರಡು ವರ್ಷದೊಳಗೆ ಸೇರಿದೆ. ಆದರೆ ಆಸ್ಪತ್ರೆಯಲ್ಲಿ, ಆರೈಕೆ ಕೇಂದ್ರಗಳಲ್ಲಿ ಇರುವವರಿಗೆ ಈ ಪ್ರಶ್ನೆಯನ್ನೇ ಕೇಳುವುದಿಲ್ಲ!

ವಿಶ್ವ ಆರೋಗ್ಯ ಸಂಸ್ಥೆಯ ದಾರಿ ಬೇರೆ. ಅದು ಪ್ರತಿ ಕಾಯಿಲೆಗೂ ತೀವ್ರತೆಗೆ ತಕ್ಕಂತೆ ತೂಕ ಕೊಟ್ಟು ಲೆಕ್ಕ ಹಾಕುತ್ತದೆ. 2019ಕ್ಕೆ ಭಾರತದ ಬಗ್ಗೆ ಅದರ ಅಂದಾಜು: ಆಯಸ್ಸು ಎಪ್ಪತ್ತರ ಆಸುಪಾಸು, ಆರೋಗ್ಯವಂತ ಆಯಸ್ಸು ಅರವತ್ತರ ಆಸುಪಾಸು. ಇದನ್ನು ಜಪಾನ್ ಸರ್ಕಾರದ ಅಂಕಿಯ ಪಕ್ಕದಲ್ಲಿಟ್ಟು ನಮ್ಮ ಅಂತರವೇ ಕಡಿಮೆ ಎಂದು ಬೀಗುವಂತಿಲ್ಲ.

ಹೆಂಗಸರ ಅಂತರವೇ ಏಕೆ ದೊಡ್ಡದು? ಗಂಡಸರನ್ನು ಹೃದಯಾಘಾತ, ಕ್ಯಾನ್ಸರ್ ಬೇಗ ಕರೆದೊಯ್ಯುತ್ತವೆ. ಹೆಂಗಸರಿಗೆ ಹೆಚ್ಚಾಗಿ ಕಾಡುವ ಸಂಧಿವಾತ, ಸವೆದ ಮೂಳೆ ಬೇಗ ಕೊಲ್ಲುವುದಿಲ್ಲ, ಬಿಡುವುದೂ ಇಲ್ಲ. ಜೀವ ಉಳಿಸುವ ಚಿಕಿತ್ಸೆಗೆ ಸಿಗುವ ಗಮನ ಇಂಥ ನೋವುಗಳಿಗೆ ಸಿಗುವುದೂ ಕಡಿಮೆ. ಒಬ್ಬ ಅಜ್ಜಿಯ ಕಣ್ಣಿನ ಪೊರೆ ತೆಗೆಸಿದರೆ ಆಯಸ್ಸಿನ ಅಂಕಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣದು. ಆದರೆ ಸಮೀಕ್ಷೆಯವರು ಬಂದಾಗ ಆ ಅಜ್ಜಿಯ ಉತ್ತರ 'ಹೌದು' ಇದ್ದದ್ದು 'ಇಲ್ಲ' ಆಗಬಹುದು. ಮನೆಯ ಹಿರಿಯರು "ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ" ಎಂದು ಸುಮ್ಮನಾದರೆ ನೀವೂ ಸುಮ್ಮನಾಗಬೇಡಿ, ಕಣ್ಣು, ಕಿವಿ, ಮಂಡಿ ತೋರಿಸಿಕೊಂಡು ಬನ್ನಿ.